ಆನೆ, ಸುಣ್ಣ, ರೊಬಸ್ಟಾ: ಸಿದ್ದಾಪುರದಿಂದ ವಿಯೆಟ್ನಾಮಿಗೆ ಒಂದು ವಾರ

ಹುತ್ತರಿ ಮುಗಿದು ರೊಬಸ್ಟಾ ಕಾಫಿಯ ಕೊಯ್ಲು ಶುರುವಾಗುವ ಮೊದಲು ಕೊಡಗಿನ ನಮ್ಮ ಸಿದ್ದಾಪುರದ ಕಡೆ ತೋಟದವರಿಗೆ ಹತ್ತು ಹದಿನೈದು ದಿನ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲೇ ಹೋಗಿಬಂದೆವು: ಅತ್ತೆ, ಇವರು, ಒಂಬತ್ತನೇ ಕ್ಲಾಸಿನ ಮಗಳು, ನಾನು. ನಾಲ್ವರಿಗೂ ಇದು ಮೊದಲ ವಿದೇಶ. ವಿಯೆಟ್ನಾಂ ಅಂದಿದ್ದಕ್ಕೆ ಕಾರಣ ಒಂದೇ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವವರ ತೋಟ ಹೇಗಿರುತ್ತದೆ ಅಂತ ಇವರಿಗೆ ನೋಡಬೇಕಿತ್ತು.

ವೀಸಾ evisa.gov.vn ಅನ್ನುವ ಸರ್ಕಾರಿ ತಾಣದಲ್ಲೇ ಆಯಿತು, ತಲೆಗೆ 25 ಡಾಲರ್. ಅದೇ ಥರ ಕಾಣುವ ಏಜೆಂಟರ ತಾಣಗಳು ಬೇಕಾದಷ್ಟಿವೆ, ದುಡ್ಡು ಜಾಸ್ತಿ ಕೇಳುತ್ತವೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ತುಂಬಿ, ಇಳಿಯುವ ವಿಮಾನ ನಿಲ್ದಾಣ ಸರಿಯಾಗಿ ಆರಿಸಿ, ಬಂದ ಕಾಗದವನ್ನು ಪ್ರಿಂಟ್ ತೆಗೆದಿಟ್ಟುಕೊಂಡರೆ ಸಾಕು.

ಭಾನುವಾರ, ಸೈಗಾನ್

ಮೊದಲ ನಷ್ಟ ದೇಶ ಬಿಡುವ ಮುಂಚೆಯೇ ಆಯಿತು. ಅತ್ತೆ ಕೈಚೀಲದಲ್ಲಿ ಅರ್ಧ ಬಾಟಲಿ ಕಾಚಂಪುಳಿ, ಅಂದರೆ ಹಂದಿಮಾಂಸಕ್ಕೆ ನಾವು ಹಾಕುವ ಹುಳಿರಸ, ಇಟ್ಟುಕೊಂಡಿದ್ದರು. ವಿಮಾನದೊಳಗೆ ಒಯ್ಯುವ ಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ದ್ರವ ಇರಬಾರದು. ಬಾಟಲಿ ಅರ್ಧ ಖಾಲಿ ಇದ್ದರೂ ಅಳತೆ ಬಾಟಲಿಯದ್ದೇ. ತಪಾಸಣೆಯ ಹುಡುಗಿ ಮುಚ್ಚಳ ತೆಗೆದು, ಟಾರಿನಂಥ ಆ ಕಪ್ಪು ರಸವನ್ನು ಮೂಸಿ, ಅತ್ತೆಯ ಮುಖ ನೋಡಿ, ಬುಟ್ಟಿಗೆ ಹಾಕಿದಳು. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದರೆ ಹೋಗುತ್ತಿತ್ತು. "ಎರಡು ವರ್ಷದ ಹಳೇದು ಕಣೇ" ಅಂತ ಅತ್ತೆ ವಿಮಾನ ಏರುವವರೆಗೂ ಹೇಳುತ್ತಿದ್ದರು.

ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಇಳಿದು 400 ಡಾಲರ್ ಬದಲಾಯಿಸಿದಾಗ ಒಂದು ಕೋಟಿಗೂ ಹೆಚ್ಚು ಡಾಂಗ್ ಕೈಗೆ ಬಂತು. ಡಾಲರ್ ನೋಟು ಮಡಿಕೆ, ಗೀಟು, ಕಲೆ ಇಲ್ಲದ್ದಿರಬೇಕು, ಇಲ್ಲವಾದರೆ ದರ ಇಳಿಸುತ್ತಾರೆ. ಲೆಕ್ಕಕ್ಕೆ ನಾವು ಕಂಡುಕೊಂಡ ಉಪಾಯ ಇಷ್ಟೇ: 30,000 ಡಾಂಗ್ ಅಂದರೆ ನೂರು ರೂಪಾಯಿ. ಬೋರ್ಡಿನಲ್ಲಿ ಕೊನೆಯ ಮೂರು ಸೊನ್ನೆ ಬರೆಯುವುದೇ ಕಡಿಮೆ, 30ರ ಪಕ್ಕ k ಅಂತ ಹಾಕಿರುತ್ತಾರೆ. ತೊಂದರೆ ಇರುವುದು ನೋಟಿನ ಬಣ್ಣದಲ್ಲಿ. ಎಲ್ಲದರ ಮೇಲೂ ಹೋ ಚಿ ಮಿನ್ ಮುಖವೇ, ಮತ್ತು 20,000ದ್ದೂ ನೀಲಿ, 5,00,000ದ್ದೂ ನೀಲಿ. ಎಳನೀರಿಗೆ ಅಂತ ಇವರು ಕೊಟ್ಟಿದ್ದು ಎರಡನೆಯದು, ಅಂದರೆ ಅರವತ್ತೈದು ರೂಪಾಯಿಯ ಜಾಗದಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು. ಗಾಡಿಯ ಹೆಂಗಸು ನೋಟನ್ನು ಇವರ ಅಂಗೈಗೇ ಮಡಚಿಟ್ಟು, ಇವರ ಪರ್ಸಿನಿಂದ ಸರಿಯಾದ್ದನ್ನು ತಾನೇ ಎಳೆದುಕೊಂಡಳು. ಅಂದಿನಿಂದ ಐದು ಲಕ್ಷದ ನೋಟುಗಳಿಗೆ ಬೇರೆ ಖಾನೆ.

ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಹಾಗಾಗಿ ಇವರು ಪ್ರತಿ ಸಲ ಟ್ಯಾಕ್ಸಿಯ ಎಡ ಮುಂಬಾಗಿಲು ತೆಗೆದು ಡ್ರೈವರನ ತೊಡೆಯ ಮೇಲೆ ಕೂರಲು ಹೋಗುವುದು, ಅವನು ನಗುವುದು. ರಸ್ತೆ ದಾಟುವುದು ಬೇರೆಯೇ ವಿದ್ಯೆ. ಸ್ಕೂಟರುಗಳ ಹೊಳೆ ನಿಲ್ಲುವುದೇ ಇಲ್ಲ. ನಿಂತು ಕಾಯಬಾರದು, ಓಡಬಾರದು, ನಡುವೆ ಹಿಂದೆ ಸರಿಯಂತೂ ಬಾರದು. ಒಂದೇ ನಿಧಾನದ ಹೆಜ್ಜೆಯಲ್ಲಿ ಹೋಗುತ್ತಿದ್ದರೆ ಅವರೇ ಅಂದಾಜು ಮಾಡಿ ಹಿಂದೆ ಮುಂದೆ ಸುತ್ತಿಕೊಂಡು ಹೋಗುತ್ತಾರೆ. ನಾವು ತಟಕ್ಕನೆ ನಿಂತರೆ ಅವರ ಅಂದಾಜು ತಪ್ಪುತ್ತದೆ. ಕಾರು, ಬಸ್ಸಿಗೆ ಮಾತ್ರ ಈ ನಂಬಿಕೆ ಬೇಡ. ಅತ್ತೆ ಎಲ್ಲರಿಗಿಂತ ಚೆನ್ನಾಗಿ ದಾಟಿದರು, ಅವರು ಅತ್ತಿತ್ತ ನೋಡಲೇ ಇಲ್ಲ.

ಸೋಮವಾರ, ಚಾಯ್ ಅಂದರೆ ಚಹಾ ಅಲ್ಲ

ಅತ್ತೆ ಸೋಮವಾರ ಮಾಂಸ ಮುಟ್ಟುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೋಟೆಲ್ ಕೆಳಗಿನ ಗಲ್ಲಿಯಲ್ಲಿ "ಚಾಯ್, ಚಾಯ್?" ಅಂತ ಕೇಳಿದರು. ತರಕಾರಿ ಮಾರುವವಳು ಖುಷಿಯಾಗಿ ಕೈ ಹಿಡಿದು ಒಂದು ಹೋಟೆಲಿಗೆ ಕರೆದುಕೊಂಡು ಹೋದಳು. ಅಲ್ಲಿ ಚಹಾದ ಸುಳಿವೇ ಇಲ್ಲ. ಅನ್ನ, ತೋಫು, ಅಣಬೆ, ಬಸಳೆಯಂಥ ಸೊಪ್ಪು. ಗೊತ್ತಾಗಿದ್ದು ಆಮೇಲೆ: ಅವರ ಭಾಷೆಯಲ್ಲಿ 'ಚಾಯ್' ಅಂದರೆ ಸಸ್ಯಾಹಾರ. ಚಹಾಕ್ಕೆ 'ಚಾ' ಅಂತಲೇ ಹತ್ತಿರದ ಪದವಿದೆ, 'ತ್ರಾ' ಅಂತ ಬರೆಯುತ್ತಾರೆ. ಅದನ್ನೇ ಸ್ವಲ್ಪ ಎಳೆದು 'ಚಾಆಯ್' ಅಂದರೆ ಬಾಟಲಿ. ಮಧ್ಯಾಹ್ನ ಇನ್ನೊಂದು ಕಡೆ ಕೇಳಿದಾಗ ನೀರಿನ ಬಾಟಲಿ ಬಂತು.

ತಪ್ಪಾಗಿ ಸಿಕ್ಕ ಈ ಪದ ವಾರವಿಡೀ ಕೈಹಿಡಿಯಿತು. ಬರೀ 'ಮಾಂಸ ಬೇಡ' ಅಂದರೆ ಅಲ್ಲಿ ಸಾಲದು, ಸೊಪ್ಪಿನ ಪಲ್ಯಕ್ಕೂ ಮೀನಿನ ಉಪ್ಪುರಸ ಬಿದ್ದಿರುತ್ತದೆ. 'ಆನ್ ಚಾಯ್', ಅಂದರೆ 'ಚಾಯ್ ಊಟ ಮಾಡುವವರು' ಅಂದಾಗ ಅದೂ ನಿಲ್ಲುತ್ತದೆ. ಅಲ್ಲಿನ ಬೌದ್ಧರಲ್ಲಿ ಅನೇಕರು ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕದಲ್ಲಿ ಮಾಂಸ ಬಿಡುವುದರಿಂದ ಆ ಪದ ಎಲ್ಲರಿಗೂ ಗೊತ್ತು. ಅಂಥ ದಿನ ಈ ಹೋಟೆಲುಗಳಲ್ಲಿ ಜಾಗ ಸಿಗುವುದಿಲ್ಲ.

ಕಾಫಿ ಮೊದಲ ಸಲ ನೆಟ್ಟಗೆ ಕುಡಿದದ್ದು ಅದೇ ದಿನ. ಲೋಟದ ಮೇಲೆ ಪುಟ್ಟ ಟೋಪಿಯಂತೆ ಕೂರುವ ಫಿಲ್ಟರಿಗೆ 'ಫಿನ್' ಅನ್ನುತ್ತಾರೆ. ಅಡಿಯಲ್ಲಿ ತೂತಿನ ತಟ್ಟೆ, ಮೇಲೆ ಬಟ್ಟಲು, ಪುಡಿಯ ಮೇಲೆ ಇಡುವ ಒತ್ತುಬಿಲ್ಲೆ, ಮುಚ್ಚಳ, ಅಷ್ಟೇ. ಲೋಟದಲ್ಲಿ ಎರಡು ದೊಡ್ಡ ಚಮಚ ಸಿಹಿ ಗಟ್ಟಿಹಾಲು. ಫ್ರೆಂಚರ ಕಾಲದಲ್ಲಿ ಹಸಿ ಹಾಲು ಸಿಗದೆ ಡಬ್ಬಿ ಹಾಲು ಬಳಸಿದ್ದು ಹಾಗೇ ಉಳಿಯಿತು. ಬಂದದ್ದನ್ನು ಮಂಜುಗಡ್ಡೆಗೆ ಸುರಿದರೆ 'ಕಾಫೆ ಸುವಾ ಡಾ'. ಡಾ ಅಂದರೆ ಮಂಜುಗಡ್ಡೆ. ಬಿಸಿ ಬೇಕಾದರೆ ಕೊನೆಗೆ 'ನಾಂಗ್' ಅನ್ನಬೇಕು, ಅನ್ನದಿದ್ದರೆ ಮಂಜುಗಡ್ಡೆ ಬಂದೇ ಬರುತ್ತದೆ. ನಮ್ಮ ಹಾಲುಕಾಫಿಯ ನಾಲಿಗೆಗೆ ಹತ್ತಿರವಾದದ್ದು 'ಬಾಕ್ ಸಿಯು', ಹಾಲು ಜಾಸ್ತಿ ಕಾಫಿ ಕಡಿಮೆ. ಮೊದಲ ಗುಟುಕಿಗೇ ಇವರು "ಇದು ಕಡುಹುರಿದ ರೊಬಸ್ಟಾ, ಬೆಣ್ಣೆ ಹಾಕಿ ಹುರಿದಿದ್ದಾರೆ" ಅಂದರು. ಅಂಗಡಿಯವನು ಬೆಣ್ಣೆ ಡಬ್ಬಿಯನ್ನೇ ತೋರಿಸಿದ.

ರಾತ್ರಿ ಬಸ್ಸು. ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥುವೊಟ್ ಊರಿಗೆ ಸುಮಾರು 350 ಕಿಲೋಮೀಟರ್, ಎಂಟು ಗಂಟೆ. ಬಸ್ಸಿನ ಬಾಗಿಲಲ್ಲೇ ಶೂ ಬಿಚ್ಚಿ ಅವರು ಕೊಡುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಕು, ಒಳಗೆ ಬರಿಗಾಲು. ಮಲಗುವ ಪೆಟ್ಟಿಗೆ ಅವರ ಎತ್ತರಕ್ಕೆ ಮಾಡಿದ್ದು, ಇವರು ರಾತ್ರಿಯೆಲ್ಲ ಮೊಣಕಾಲು ಮಡಚಿ ಮಲಗಿದರು. ಚೀಲಗಳೆಲ್ಲ ಒಂದೇ ಬಣ್ಣ. ಬೆಳಗಿನ ಜಾವ ಇಳಿದು ಟ್ಯಾಕ್ಸಿ ಹತ್ತಿದ ಮೇಲೆ ಅತ್ತೆ ಚೀಲ ಬಿಚ್ಚಿದರೆ ಯಾರದೋ ಮಗುವಿನ ಶೂ, ಹೆಜ್ಜೆ ಇಟ್ಟರೆ ಲೈಟ್ ಹೊತ್ತುವಂಥದ್ದು. ತಿರುಗಿ ಓಡಿದೆವು. ಆ ಮಗುವಿನ ತಾಯಿ ಅತ್ತೆಯ ಚಪ್ಪಲಿ ಹಿಡಿದುಕೊಂಡು ಬಸ್ಸಿನ ಪಕ್ಕದಲ್ಲೇ ನಿಂತಿದ್ದಳು. ಚೀಲಕ್ಕೆ ಒಂದು ಕರವಸ್ತ್ರ ಕಟ್ಟಿಟ್ಟರೆ ಇದೆಲ್ಲ ಇಲ್ಲ.

ಮಂಗಳವಾರ, ಕೆಂಪು ಮಣ್ಣು

ಬೆಳಕು ಹರಿದಾಗ ಕಂಡದ್ದು ಕುಂಕುಮದಷ್ಟು ಕೆಂಪಾದ ಮಣ್ಣು. ಹಳೆಯ ಜ್ವಾಲಾಮುಖಿಯ ಬಸಾಲ್ಟ್ ಕಲ್ಲು ಕರಗಿ ಆದದ್ದು. ಮಳೆಗಾಲ ಮುಗಿದು ಒಣಗಾಳಿ ಬೀಸುತ್ತಿತ್ತು. ಬೆಳಿಗ್ಗೆ ಸ್ವೆಟರ್ ಬೇಕು, ಹನ್ನೊಂದಕ್ಕೆ ಬಿಚ್ಚಬೇಕು, ಥೇಟ್ ನಮ್ಮ ಡಿಸೆಂಬರ್. ಊರೊಳಗೆ ರಸ್ತೆಯಂಚಿನಲ್ಲಿ, ಮನೆಯಂಗಳದಲ್ಲಿ, ಟಾರ್ಪಾಲ್ ಹಾಸಿದಲ್ಲೆಲ್ಲ ಸಿಪ್ಪೆ ಸಮೇತದ ಚೆರಿ ಕಾಫಿ ಒಣಗುತ್ತಿತ್ತು. ಆ ಹುಳಿವಾಸನೆಗೆ ಅತ್ತೆ "ನಮ್ಮ ಕಣಕ್ಕೆ ಬಂದ ಹಾಗಾಯ್ತು" ಅಂದರು. ಮಗಳಿಗೆ ನಿರಾಸೆ. ಇಷ್ಟು ದೂರ ಬಂದು ಮತ್ತೆ ಕಾಫಿಯೇ?

ಇವರು ಸ್ಕೂಟರ್ ಬಾಡಿಗೆಗೆ ಹೊರಟಿದ್ದರು. ಆದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಬಾಡಿಗೆಗೆ ಕೊಡುವವರು ಕೇಳುವುದಿಲ್ಲ. ಬಿದ್ದರೆ ವಿಮೆಯವರು ಕೇಳುತ್ತಾರೆ. ಟ್ಯಾಕ್ಸಿ ಸಾಕು ಅಂದುಕೊಂಡೆವು.

ಬುಧವಾರ, ಮೂರು ಎಕರೆ

ನಾವು ಉಳಿದಿದ್ದ ಮನೆಯಾಕೆಯ ಅಣ್ಣನಿಗೆ 1.2 ಹೆಕ್ಟೇರ್ ತೋಟ, ನಮ್ಮ ಲೆಕ್ಕದಲ್ಲಿ ಮೂರು ಎಕರೆ. ಅಲ್ಲಿ ಬಹುತೇಕ ಎಲ್ಲರೂ ಇಷ್ಟೇ ಸಣ್ಣ ಹಿಡುವಳಿದಾರರು. ಅವರಿಗೆ ಇಂಗ್ಲಿಷ್ ಇಲ್ಲ, ನಮಗೆ ಅವರ ಭಾಷೆ ಇಲ್ಲ. ನಡುವೆ ಮಗಳ ಫೋನಿನ ಅನುವಾದ, ಅದು ಕೈಕೊಟ್ಟಾಗ ಅವಳು ಕಲಿತಿದ್ದ ನಾಲ್ಕು ಪದ.

ಸಿದ್ದಾಪುರದವರು ಕೇಳುವ ಮೊದಲ ಪ್ರಶ್ನೆಯನ್ನೇ ಅವಳು ಕೇಳಿದಳು: ನಿಮ್ಮ ತೋಟದಲ್ಲಿ ಆನೆ ಇದೆಯಾ? ಆನೆಗೆ 'ವಾಯ್'. ಅವರು ಎರಡೂ ಕೈ ಅಗಲಿಸಿ "ಪೂರಾ ಅದೇ!" ಅಂದರು. ಎಷ್ಟಿವೆ? ಸಾವಿರದ ಮುನ್ನೂರು. ಅತ್ತೆ ಮೆಲ್ಲಗೆ ಟ್ಯಾಕ್ಸಿಯ ಕಡೆ ಸರಿದರು. ವಿಷಯ ಏನೆಂದರೆ ರೊಬಸ್ಟಾಕ್ಕೆ ಅವರ ಮಾತಿನಲ್ಲಿ 'ಕಾಫೆ ವೋಯ್', ಸ್ವರ ಮೇಲಕ್ಕೇರಿಸಿ. ಸ್ವರ ಏರಿಸದೆ 'ವೋಯ್' ಅಂದರೆ ಸುಣ್ಣ. ಬಾಯಿ ಇನ್ನಷ್ಟು ತೆರೆದರೆ ಆನೆ. ರೊಬಸ್ಟಾ, ಸುಣ್ಣ, ಆನೆ, ನಮ್ಮ ಊರಿನ ತೋಟಗಾರನ ವರ್ಷವಿಡೀ ಚಿಂತೆಗಳಲ್ಲಿ ಮೂರು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತವೆ. ಅರೇಬಿಕಾಕ್ಕೆ 'ಕಾಫೆ ಚೆ', ಅಂದರೆ ಚಹಾಕಾಫಿ. ಬೇಲಿಯ ಬಳಿ ಮರದಷ್ಟು ಎತ್ತರ ಬೆಳೆದಿದ್ದ ಅಗಲ ಎಲೆಯ ಜಾತಿಗೆ 'ಕಾಫೆ ಮಿತ್', ಹಲಸಿನ ಕಾಫಿ.

ಸಾವಿರದ ಮುನ್ನೂರು ಗಿಡದ ಲೆಕ್ಕ ಸರಳ. ಮೂರು ಮೀಟರಿಗೊಂದು ಗಿಡ, ಹೆಕ್ಟೇರಿಗೆ ಸುಮಾರು 1,100. ಅಂತರ ನಮ್ಮದಕ್ಕಿಂತ ಬಹಳ ಬೇರೆಯೇನಲ್ಲ. ಕಣ್ಣಿಗೆ ಹೊಡೆಯುವುದು ತಲೆಯ ಮೇಲಿನ ಆಕಾಶ. ನೆರಳೇ ಇಲ್ಲ. ಸಿಲ್ವರ್ ಓಕ್ ಇಲ್ಲ, ಬಳಂಜಿ ಇಲ್ಲ, ಅತ್ತಿ ಇಲ್ಲ. ಅಲ್ಲೊಂದು ಇಲ್ಲೊಂದು ಡುರಿಯನ್ ಗಿಡ, ಕಾಂಕ್ರೀಟ್ ಕಂಬಕ್ಕೆ ಹಬ್ಬಿದ ಕಾಳುಮೆಣಸು. ಕಾಂಕ್ರೀಟಿಗೆ ಬಳ್ಳಿ ಹಬ್ಬಿಸಿದ್ದು ನೋಡಿ ಅತ್ತೆಗೆ ಅಳುವೇ ಬಂತು. ಒಂದು ಗಿಡಕ್ಕೆ ಒಂದೇ ಕಾಂಡ ಬಿಟ್ಟು, ತಲೆ ಚಿವುಟಿ, ಆಳೆತ್ತರದಲ್ಲೇ ನಿಲ್ಲಿಸಿರುತ್ತಾರೆ. ಏಣಿ ಬೇಡ, ಕೆಳಗೆ ಟಾರ್ಪಾಲ್ ಹಾಸಿ ಎಳೆದು ಕೊಯ್ಯುವುದು.

ಇಳುವರಿ ಅವರಿಗೆ ಮೂರು ಎಕರೆಗೆ ಮೂರೂವರೆ ಟನ್ ಶುದ್ಧ ಬೀಜ. ನೆರಳಿನ ನಮ್ಮ ತೋಟದಲ್ಲಿ ಅಷ್ಟೇ ಜಾಗಕ್ಕೆ ಅದರ ಅರ್ಧ ಬಂದರೆ ಒಳ್ಳೆಯ ವರ್ಷ. ಇವರು ಸುಮ್ಮನಾಗಿಬಿಟ್ಟರು. ಅದರ ಬೆಲೆ ಏನು ಅನ್ನುವುದು ಗಿಡದ ಬುಡದಲ್ಲಿ ಕಂಡಿತು. ಪ್ರತಿ ಗಿಡಕ್ಕೂ ಬುಡದ ಸುತ್ತ ಏರಿ ಕಟ್ಟಿದ ತಟ್ಟೆಯಂಥ ಗುಂಡಿ. ಜನವರಿಯಿಂದ ಏಪ್ರಿಲ್‌ವರೆಗೆ ಮೂರು ನಾಲ್ಕು ಸಲ, ಬಾವಿಯಿಂದ ಪೈಪ್ ಎಳೆದು, ಒಂದೊಂದೇ ಗುಂಡಿಗೆ ನೂರಾರು ಲೀಟರ್ ನೀರು ತುಂಬಿಸುತ್ತಾರೆ. ನಾವು ಸ್ಪ್ರಿಂಕ್ಲರ್ ಹಾಕುವುದು ಮುಖ್ಯವಾಗಿ ಹೂವಿಗೆ ಒಮ್ಮೆ, ಹದಿನೈದು ಇಪ್ಪತ್ತು ದಿನ ಬಿಟ್ಟು ಕಾಯಿ ನಿಲ್ಲಲಿ ಅಂತ ಬ್ಯಾಕಿಂಗಿಗೆ ಒಮ್ಮೆ. ಅವರಿಗೆ ಬೇಸಿಗೆ ಪೂರ್ತಿ ಪಂಪಿನ ಕೆಲಸ. ನೆರಳಿಲ್ಲದ ಗಿಡ ನೀರೂ ಜಾಸ್ತಿ ಕುಡಿಯುತ್ತದೆ, ಗೊಬ್ಬರವೂ ಜಾಸ್ತಿ ಕೇಳುತ್ತದೆ. 2016ರ ಬರದಲ್ಲಿ ಬಾವಿ ಬತ್ತಿ ಇನ್ನಷ್ಟು ಆಳ ಕೊರೆಸಬೇಕಾಯಿತಂತೆ.

ಒಂದು ವಿಷಯದಲ್ಲಿ ಇಬ್ಬರೂ ಭಾಷೆಯಿಲ್ಲದೆ ಒಪ್ಪಿದರು. ಕೊಯ್ಲಾದ ಮೇಲೆ ಗಿಡಕ್ಕೆ ಒಣಗಲು ಬಿಡಬೇಕು, ಎಲೆ ಜೋತುಬಿದ್ದು ಮೊಗ್ಗು ಪೂರ್ತಿ ಕಟ್ಟಬೇಕು. ಆಮೇಲೆ ನೀರು ಕೊಟ್ಟರೆ ಭರ್ತಿ ಕೊಡಬೇಕು. ಅರ್ಧಂಬರ್ಧ ನೀರು ಬಿದ್ದರೆ ಮೊಗ್ಗು ಪೂರಾ ಬಿರಿಯದೆ ಹೋಗುತ್ತದೆ, ಉಳಿದದ್ದು ಇನ್ನೊಮ್ಮೆ ಅರಳಿ ಮುಂದೆ ಹಣ್ಣು ಒಂದೇ ಸಲ ಆಗುವುದಿಲ್ಲ. ಇವರು ಬೆರಳಿನಲ್ಲಿ 'ಒಂದೂವರೆ ಇಂಚು ಮಳೆ' ಅಂತ ತೋರಿಸಿದರು, ಅವರು ಗುಂಡಿಯ ಅಂಚು ತೋರಿಸಿದರು.

ಮುದಿ ಗಿಡಗಳನ್ನು ಅವರು ಕೀಳುವುದಿಲ್ಲ. ಕಾಂಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಚಿಗುರಿದ ಕಡ್ಡಿಗೆ ಒಳ್ಳೆಯ ತಳಿಯ ಎಳೆ ಕಡ್ಡಿಯನ್ನು ಸೀಳುಕಸಿ ಮಾಡಿ ಪ್ಲಾಸ್ಟಿಕ್ ಸುತ್ತುತ್ತಾರೆ. ಬೇರು ಹಳೆಯದೇ ಆದ್ದರಿಂದ ಹೊಸ ಸಸಿಗಿಂತ ಬೇಗ ಫಸಲು. ಅಲ್ಲಿ ಹೆಚ್ಚು ಕಟ್ಟಿದ್ದು TR4, TR9 ಅನ್ನುವ ತಳಿಗಳು. ಹಸಿರೆಲೆಯ ಒಂದು ಕಟ್ಟು ಕಡ್ಡಿ ಅವರೇ ಕಡಿದು ಇವರ ಕೈಗಿಟ್ಟರು. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಸಿದ್ದಾಪುರಕ್ಕೆ ಮುಟ್ಟುವವರೆಗೂ ಉಳಿಯುತ್ತಿತ್ತು ಅನ್ನುವುದೂ ಇವರಿಗೆ ಗೊತ್ತು. ಆದರೆ ಹಸಿ ಬೀಜ, ಕಡ್ಡಿ, ಸಸಿ ಯಾವುದನ್ನೂ ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ, 2003ರ ಸಸ್ಯ ಸಂಗರೋಧ ಆದೇಶವಿದೆ. 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಂಡ ಬೆರಿ ಬೋರರ್ ಹುಳ ಆಮೇಲೆ ನಮ್ಮ ಕಾಯಿಯೊಳಗೂ ಹೊಕ್ಕಿದ್ದನ್ನು ನೋಡಿದವರು ಅಂಥ ಆಸೆ ಪಡಬಾರದು. ಕಡ್ಡಿಯನ್ನು ನಮಸ್ಕಾರ ಮಾಡಿ ವಾಪಸ್ ಕೊಟ್ಟರು. ಆದರೂ ತಿರುತಿರುಗಿ ನೋಡಿದರು.

ಬೆಲೆ ಕೇಳದೆ ತೋಟದವರ ಮಾತು ಮುಗಿಯುವುದುಂಟೆ? ಅಲ್ಲಿ ಬೋರ್ಡಿನ ಬೆಲೆ ಸಿಪ್ಪೆ ತೆಗೆದ ಬೀಜಕ್ಕೆ, ಕಿಲೋ ಲೆಕ್ಕ. ನಮ್ಮಲ್ಲಿ 50 ಕಿಲೋ ಚೀಲದ ಚೆರಿಗೆ, ಓಟಿ, ಅಂದರೆ ಆ ಚೀಲದಿಂದ ಎಷ್ಟು ಕಿಲೋ ಬೀಜ ಬರುತ್ತದೆ ಅನ್ನುವುದನ್ನು ನೋಡಿ. ಅಂದು ಅಲ್ಲಿ ಕಿಲೋಗೆ ಸುಮಾರು ಒಂದು ಲಕ್ಷ ಡಾಂಗ್, ಅಂದರೆ 333 ರೂಪಾಯಿ. ನಮ್ಮ ಚೀಲಕ್ಕೆ ಓಟಿ 27 ಅಂದುಕೊಂಡರೆ, 27 ಕಿಲೋ ಬೀಜಕ್ಕೆ ಒಂಬತ್ತು ಸಾವಿರದ ಹತ್ತಿರ. ಇವರು ಇದನ್ನು ನೆಲದಲ್ಲಿ ಕಡ್ಡಿಯಿಂದ ಬರೆದು ತೋರಿಸಿದಾಗ ಅವರು ಓಟಿ ಅನ್ನುವ ವ್ಯವಸ್ಥೆಗೇ ತಲೆ ಚಚ್ಚಿಕೊಂಡರು. "ಸಿಪ್ಪೆ ಸಮೇತ ಯಾಕೆ ಮಾರುತ್ತೀರಿ?" ಅದಕ್ಕೆ ನಮ್ಮ ಬಳಿ ಒಳ್ಳೆಯ ಉತ್ತರ ಇರಲಿಲ್ಲ.

ನೆರಳು ಯಾಕೆ ಇಟ್ಟುಕೊಂಡಿದ್ದೀರಿ ಅನ್ನುವುದಕ್ಕೆ ಮಾತ್ರ ಇತ್ತು. ನಮ್ಮದು ಇಳಿಜಾರು, ಮುಂಗಾರು ಶುರುವಾದರೆ ಮೂರು ತಿಂಗಳು ಬಿಡದ ಮಳೆ. ಮರದ ಬೇರು, ತರಗೆಲೆ ಇಲ್ಲದಿದ್ದರೆ ಮಣ್ಣೇ ಹೊಳೆಗೆ ಹೋಗುತ್ತದೆ. ಅವರ ತೋಟ ಅಂಗೈಯಂತೆ ಸಮತಟ್ಟು.

ಹೊರಡುವಾಗ ಊರಿಂದ ತಂದಿದ್ದ ಕಾಫಿಪುಡಿ ಕೊಟ್ಟೆವು. ಮನೆಯಾಕೆ ಆಗಲೇ ಫಿನ್‌ಗೆ ಹಾಕಿದರು. ಐದು ನಿಮಿಷ, ಹತ್ತು ನಿಮಿಷ, ಒಂದು ಹನಿ ಇಲ್ಲ. ತಪ್ಪು ನಮ್ಮದು, ಅದರಲ್ಲಿ ನೂರಕ್ಕೆ ಮೂವತ್ತು ಚಿಕೋರಿ. ಪೊಟ್ಟಣದ ಮೇಲೆ ಬರೆದೇ ಇತ್ತು. ನುಣ್ಣನೆಯ ಪುಡಿ, ಚಿಕೋರಿ ಒದ್ದೆಯಾದರೆ ಕೆಸರಿನಂತೆ ಕೂತು ಫಿನ್‌ನ ತೂತು ಮುಚ್ಚುತ್ತದೆ. ಕಾಫಿಗೆ ಬೇರಿನ ಪುಡಿ ಬೆರೆಸುತ್ತೇವೆ ಅಂತ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಆಕೆ ನಗುತ್ತಾ, ತಮ್ಮಲ್ಲೂ ಹಿಂದೆ ಹುರಿದ ಸೋಯಾ, ಜೋಳ ಬೆರೆಸುತ್ತಿದ್ದರು ಅಂತ ಫೋನಿನಲ್ಲಿ ತೋರಿಸಿದರು. ಆಮೇಲೆ ತಮ್ಮ ಪುಡಿಯಿಂದ ಮಾಡಿ ಕಲಿಸಿದರು. ನಾಲ್ಕೈದು ಚಮಚ, ಅಂದರೆ 20ರಿಂದ 25 ಗ್ರಾಂ. ಬಿಲ್ಲೆ ಇಡಬೇಕು, ಒತ್ತಬಾರದು. ಮೊದಲು ಎರಡು ಚಮಚ ಬಿಸಿನೀರು ಹಾಕಿ ಪುಡಿ ಉಬ್ಬಲು ಅರ್ಧ ನಿಮಿಷ ಬಿಡಬೇಕು, ಆಮೇಲೆ ಬಟ್ಟಲು ತುಂಬ. ಹನಿಹನಿಯಾಗಿ ಐದು ನಿಮಿಷಕ್ಕೆ ಮುಗಿಯಬೇಕು. ಎರಡೇ ನಿಮಿಷಕ್ಕೆ ಸುರಿದುಹೋದರೆ ಪುಡಿ ದಪ್ಪ, ಕಾಫಿ ಸಪ್ಪೆ. ಹತ್ತು ನಿಮಿಷವಾದರೂ ಇಳಿಯದಿದ್ದರೆ ಪುಡಿ ನುಣುಪು, ಅಥವಾ ಯಾರೋ ಬಿಲ್ಲೆ ಒತ್ತಿದ್ದಾರೆ.

ಗುರುವಾರ, ನೂಪುಟ್ಟು ಸಿಕ್ಕಿತು

ಎಡೆ ಅನ್ನುವ ಅಲ್ಲಿನ ಬುಡಕಟ್ಟಿನ ಜನರ ಉದ್ದಮನೆ ನೋಡಿದೆವು. ಕಂಬದ ಮೇಲೆ ನಿಂತ ಮನೆ, ಏರುವ ಮರದ ಮೆಟ್ಟಿಲ ತುದಿಯಲ್ಲಿ ಒಂದು ಜೊತೆ ಮೊಲೆ ಮತ್ತು ಅರ್ಧಚಂದ್ರ ಕೆತ್ತಿರುತ್ತಾರೆ. ಅಲ್ಲಿ ಮನೆ ಹೆಣ್ಣಿನದು, ಮದುವೆಯಾದರೆ ಗಂಡು ಹೆಂಡತಿಯ ಮನೆಗೆ ಬರುತ್ತಾನೆ, ಮಕ್ಕಳಿಗೆ ತಾಯಿಯ ಮನೆತನದ ಹೆಸರು. ಮಗಳಿಗೆ ಮದುವೆಯಾದಂತೆ ಮನೆಯನ್ನು ಇನ್ನಷ್ಟು ಉದ್ದ ಮಾಡುತ್ತಾರೆ. ತಂದೆಯ ಮನೆತನದ ನಮ್ಮ ಐನ್‌ಮನೆಯನ್ನೇ ತಿರುವಿ ಹಾಕಿದಂತೆ. ಅತ್ತೆ ಇವರನ್ನು ನೋಡಿ, "ನೀನು ಇವಳ ಮನೆಯಲ್ಲಿರಬೇಕಿತ್ತು ನೋಡು" ಅಂದರು.

ಮಧ್ಯಾಹ್ನ ಊಟಕ್ಕೆ 'ಬಾನ್ ಹೊಯಿ' ಬಂತು. ಅಕ್ಕಿಯ ಸಣ್ಣ ಎಳೆಗಳನ್ನು ಚೌಕವಾಗಿ ಹೆಣೆದು ಹಬೆಯಲ್ಲಿ ಬೇಯಿಸಿದ್ದು, ಜೊತೆಗೆ ಗರಿಗರಿ ಹುರಿದ ಹಂದಿಮಾಂಸ. ನೂಪುಟ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, ಅದು ಇನ್ನೂ ನವಿರು. ಕಣಿಲೆಯೂ ಇತ್ತು, ಹುಳಿ ಬರಿಸಿದ್ದು. ಹಸಿರು ಮೆಣಸು ಅರೆದ ಉಪ್ಪು ನಮ್ಮ ಸೂಜಿ ಮೆಣಸಿನಷ್ಟೇ ಖಾರ. ಕಾಳುಮೆಣಸು, ಹಂದಿ, ಅಕ್ಕಿ ಎಲ್ಲ ಮುಂದಿದೆ, ಹುಳಿ ಮಾತ್ರ ನಿಂಬೆಯದು. ಅತ್ತೆ ಏನು ಹೇಳುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. "ಆ ಹುಡುಗಿ ಬಾಟಲಿ ಬಿಟ್ಟಿದ್ದರೆ..."

ಡ್ರಾಯ್ ನೂರ್ ಜಲಪಾತಕ್ಕೆ ಸಂಜೆ ಹೋದೆವು. ಇಳಿಯುವ ದಾರಿ ಒದ್ದೆ, ಚಪ್ಪಲಿಯಲ್ಲಿ ಹೋಗಬೇಡಿ.

ಶುಕ್ರವಾರ, ಶನಿವಾರ

ವಾಪಸ್ ಸೈಗಾನಿಗೆ ಬಸ್ಸು ಬೇಡವೆಂದು ವಿಮಾನ ಹಿಡಿದೆವು, ಒಂದು ಗಂಟೆ. ಮಾರುಕಟ್ಟೆಯಲ್ಲಿ ಆರು ಫಿನ್, ಹುರಿದ ಪುಡಿ ಎರಡು ಕಿಲೋ. ಹುರಿದದ್ದು ಮೊಳೆಯುವುದಿಲ್ಲವಾದ್ದರಿಂದ ಚಿಂತೆಯಿಲ್ಲ. ಶೂಗಳ ಅಡಿಯ ಕೆಂಪು ಮಣ್ಣನ್ನು ಮಾತ್ರ ಇವರು ಹೋಟೆಲಿನ ಬಚ್ಚಲಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆದರು. ಆ ಬ್ರಷ್ ನನ್ನದು.

ಶನಿವಾರ ಕತ್ತಲಾದ ಮೇಲೆ ಸಿದ್ದಾಪುರ. ಪೇಟೆಯ ಪುಡಿ ಅಂಗಡಿ ಇನ್ನೂ ತೆರೆದಿತ್ತು. ಇಳಿದು, ಚಿಕೋರಿ ಇಲ್ಲದೆ, ಚಿರೋಟಿ ರವೆಯಷ್ಟು ದಪ್ಪಗೆ ಬೀಸಿಕೊಡಿ ಅಂದೆ. ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು, "ಉಪ್ಪಿಟ್ಟಿಗಾ ಅಕ್ಕಾ?"

ಗೇಟಿನ ಬಳಿ ಕಾರು ನಿಂತಿತು. ಗೇಟು ಇರಲಿಲ್ಲ. ಕಂಬ ವಾಲಿತ್ತು, ಬಾಳೆ ಎರಡು ಬುಡ ನೆಲಸಮ, ದಾರಿಯಂಚಿನ ಐದಾರು ಗಿಡ ಹಣ್ಣು ಸಮೇತ ಮುರಿದು ಬಿದ್ದಿದ್ದವು. ಲೈನ್ ಮನೆಯಿಂದ ಟಾರ್ಚ್ ಹಿಡಿದು ಬಂದವರನ್ನು ಅತ್ತೆ ಕೇಳಿದರು, "ಯಾವಾಗ ಬಂತು?"

"ನಿನ್ನೆ ರಾತ್ರಿ, ಮೂರು."

ಅತ್ತೆ ನಮ್ಮ ಕಡೆ ತಿರುಗಿ, ಸ್ವರ ಸರಿಯಾಗಿ ಹಚ್ಚಿ ಹೇಳಿದರು: "ವಾಯ್ ಬಂದು ವೋಯ್ ಮುರಿದಿದೆ. ನಾಳೆ ಕೊಯ್ಲಿಗೆ ಜನ ಹೇಳಿ."